ಕಾಫಿ ಹೂವಿನ ಸಂಶೋಧನಾ ಲೇಖನವನ್ನು ಮೊದಲ ವರ್ಷದವರ ಕೈಪಿಡಿಯಾಗಿಸುವ ಬಗೆ

ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಸಂಶೋಧನಾ ಲೇಖನವೊಂದನ್ನು ಹಾಗೆಯೇ ಇಟ್ಟರೆ ಅರ್ಧ ತರಗತಿ ಮೊದಲ ಪುಟದಲ್ಲೇ ನಿಲ್ಲುತ್ತದೆ. ಅದನ್ನು ಸಂಕ್ಷೇಪಿಸಿ ನೋಟ್ಸ್ ಕೊಟ್ಟರೆ ಎಲ್ಲರೂ ಓದುತ್ತಾರೆ, ಆದರೆ ಲೇಖನ ಹೇಳದೇ ಇರುವುದನ್ನು ಕಲಿತುಕೊಂಡು ಹೋಗುತ್ತಾರೆ. ಈ ಎರಡನೆಯ ಅಪಾಯವೇ ದೊಡ್ಡದು. ಸರಳಗೊಳಿಸುವಾಗ ಕಷ್ಟದ ಪದಗಳ ಜೊತೆಗೆ ಷರತ್ತುಗಳೂ ಕಳಚಿ ಬೀಳುತ್ತವೆ. 'ಸಂಬಂಧವಿದೆ' ಎಂದಿದ್ದದ್ದು 'ಕಾರಣ' ಆಗುತ್ತದೆ, 'ಈ ತೋಟಗಳಲ್ಲಿ' ಎಂದಿದ್ದದ್ದು 'ಎಲ್ಲ ತೋಟಗಳಲ್ಲಿ' ಆಗುತ್ತದೆ. ಪದಗಳು ಸುಲಭವಾಗಬೇಕು, ಷರತ್ತುಗಳು ಉಳಿಯಬೇಕು. ಅದನ್ನು ಸಾಧಿಸುವುದು ಹೇಗೆಂದು ಒಂದೇ ಲೇಖನವನ್ನು ಹಿಡಿದು ಇಲ್ಲಿ ತೋರಿಸುತ್ತೇನೆ.

ಚಿಕ್ಕಮಗಳೂರಿನಲ್ಲಿ ಪಾಠ ಮಾಡುವ ನಾನು ಇದಕ್ಕಾಗಿ ಆರಿಸಿಕೊಂಡಿರುವುದು ಕಾಫಿ ಹೂವಿನ ಕುರಿತ ಲೇಖನ. ಜರ್ಮನಿಯ ಅಲೆಕ್ಸಾಂಡ್ರಾ-ಮಾರಿಯಾ ಕ್ಲೈನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇಂಡೊನೇಷ್ಯಾದ ಕಾಫಿ ತೋಟಗಳಲ್ಲಿ ಅಧ್ಯಯನ ನಡೆಸಿ, 2003ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಿಯತಕಾಲಿಕದಲ್ಲಿ ಅದನ್ನು ಪ್ರಕಟಿಸಿದರು. ಅರೇಬಿಕಾ ಗಿಡದಲ್ಲಿ ಎಷ್ಟು ಹೂವು ಕಾಯಿಯಾಗುತ್ತದೆ ಎಂಬುದಕ್ಕೂ ಹೂವಿಗೆ ಬರುವ ಜೇನ್ನೊಣಗಳಿಗೂ ಏನು ಸಂಬಂಧ ಎಂಬುದು ಅದರ ವಿಷಯ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದನ್ನು ಚಿಕ್ಕಂದಿನಿಂದ ಕಂಡವರು. ಅವರಿಗೆ ವಿಷಯ ಗೊತ್ತು, ಲೇಖನದ ಭಾಷೆ ಗೊತ್ತಿಲ್ಲ. ಕೈಪಿಡಿ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಹುಡುಕಿ

ಲೇಖನವನ್ನು ಮೇಲಿನಿಂದ ಕೆಳಕ್ಕೆ ಅನುವಾದಿಸುತ್ತಾ ಹೋಗಬೇಡಿ. ಪೀಠಿಕೆಯಲ್ಲಿ ಜಗತ್ತಿನಾದ್ಯಂತ ಪರಾಗಸ್ಪರ್ಶಿ ಕೀಟಗಳು ಕಡಿಮೆಯಾಗುತ್ತಿರುವುದರ ಚರ್ಚೆ ಇರುತ್ತದೆ. ಅದು ಇತರ ಸಂಶೋಧಕರಿಗಾಗಿ ಬರೆದದ್ದು. ಮೊದಲು ನಕ್ಷೆಗಳನ್ನು ಮತ್ತು ಅವುಗಳ ಕೆಳಗಿನ ವಿವರಣೆಯನ್ನು ನೋಡಿ. ಪ್ರತಿ ನಕ್ಷೆಯ ಅಡ್ಡರೇಖೆಯಲ್ಲಿ ಏನನ್ನು ಇಟ್ಟಿದ್ದಾರೆ, ಲಂಬರೇಖೆಯಲ್ಲಿ ಏನನ್ನು ಇಟ್ಟಿದ್ದಾರೆ ಎಂದು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಸಂಶೋಧಕರು ಏನನ್ನು ಅಳೆದರು ಎಂಬುದು ಅಲ್ಲಿ ಮುಚ್ಚುಮರೆಯಿಲ್ಲದೆ ಇರುತ್ತದೆ.

ಕ್ಲೈನ್ ಅವರ ಲೇಖನದಲ್ಲಿ ಮುಖ್ಯ ಸಂಬಂಧ ಇರುವುದು ಎರಡು ಅಳತೆಗಳ ನಡುವೆ. ಒಂದು, ತೋಟದ ಕಾಫಿ ಹೂವಿಗೆ ಎಷ್ಟು ಬಗೆಯ ಜೇನ್ನೊಣಗಳು ಬಂದವು ಎಂಬುದು. ಇನ್ನೊಂದು, ನೂರು ಹೂವಿನಲ್ಲಿ ಎಷ್ಟು ಕಾಯಿ ಕಟ್ಟಿದವು ಎಂಬುದು. ಇವೆರಡು ಸಿಕ್ಕ ಕೂಡಲೇ ಕೈಪಿಡಿಯ ಮೊದಲ ವಾಕ್ಯ ಸಿದ್ಧವಾಗುತ್ತದೆ: 'ಹೆಚ್ಚು ಬಗೆಯ ಜೇನ್ನೊಣಗಳು ಬರುವ ತೋಟದಲ್ಲಿ ಕಾಫಿ ಹೆಚ್ಚು ಕಾಯಿ ಕಟ್ಟುತ್ತದೆಯೇ?' ಪ್ರಶ್ನೆಯ ರೂಪದಲ್ಲೇ ಇಡಿ. ಉತ್ತರದಿಂದ ಆರಂಭಿಸಿದರೆ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಉಳಿದದ್ದನ್ನು ಓದುವುದನ್ನೇ ಬಿಡುತ್ತಾನೆ.

ಎರಡನೆಯ ಹೆಜ್ಜೆ: ಮುಖ್ಯ ವಾಕ್ಯವನ್ನು ಬಿಡಿಸಿ

ಪ್ರತಿ ಲೇಖನದ ಸಾರಾಂಶದಲ್ಲೂ ಇಡೀ ಭಾರವನ್ನು ಹೊತ್ತ ಒಂದು ವಾಕ್ಯವಿರುತ್ತದೆ. ಇಲ್ಲಿ ಅದರ ತಾತ್ಪರ್ಯ ಹೀಗಿದೆ: ಇಂಡೊನೇಷ್ಯಾದ 24 ಕಾಫಿ ತೋಟಗಳನ್ನು ಹೋಲಿಸಿದಾಗ, ಹೂವಿಗೆ ಬರುವ ಜೇನ್ನೊಣ ಪ್ರಭೇದಗಳ ಸಂಖ್ಯೆಯಿಂದ ಕಾಯಿಕಟ್ಟುವ ಪ್ರಮಾಣವನ್ನು ಅಂದಾಜಿಸಬಹುದಿತ್ತು, ಅದು ಮೂರು ಪ್ರಭೇದಗಳಿದ್ದಲ್ಲಿ ಸುಮಾರು ಶೇ 60 ಇದ್ದರೆ ಇಪ್ಪತ್ತು ಪ್ರಭೇದಗಳಿದ್ದಲ್ಲಿ ಶೇ 90ರವರೆಗೆ ಇತ್ತು.

ಒಂದೇ ಉಸಿರಿನಲ್ಲಿ ಇದು ಐದಾರು ಸಂಗತಿಗಳನ್ನು ಹೇಳುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ವಾಕ್ಯವಾಗಿ ಬರೆಯಿರಿ. ಎಲ್ಲಿ ಮಾಡಿದರು, ಎಷ್ಟು ತೋಟಗಳಲ್ಲಿ, ಏನನ್ನು ಎಣಿಸಿದರು, ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಮತ್ತು ಕ್ರಿಯಾಪದ ಯಾವುದು. ಇವುಗಳಲ್ಲಿ ಯಾವುದನ್ನಾದರೂ ಬಿಟ್ಟರೆ ಕೈಪಿಡಿ ಕುಂಟುತ್ತದೆ. 24 ಎಂಬುದು ತೋಟಗಳ ಸಂಖ್ಯೆಯೇ ಹೊರತು ಗಿಡಗಳದ್ದಲ್ಲ. ನಕ್ಷೆಯಲ್ಲಿ ಒಂದು ಚುಕ್ಕೆ ಎಂದರೆ ಒಂದು ಇಡೀ ತೋಟ. ಇದನ್ನು ಹೇಳದಿದ್ದರೆ ವಿದ್ಯಾರ್ಥಿಗಳು ಪ್ರತಿ ಚುಕ್ಕೆಯನ್ನೂ ಒಂದು ಗಿಡ ಅಥವಾ ಒಂದು ಜೇನ್ನೊಣ ಎಂದುಕೊಳ್ಳುತ್ತಾರೆ, ಆಮೇಲೆ ಏನು ವಿವರಿಸಿದರೂ ದಾರಿಗೆ ಬರುವುದಿಲ್ಲ.

'ಇಪ್ಪತ್ತು ಪ್ರಭೇದ' ಎಂಬಲ್ಲಿ ನಮ್ಮ ಊರಿನ ಮಕ್ಕಳು ಖಂಡಿತ ತಡೆಯುತ್ತಾರೆ. ಜೇನು ಎಂದರೆ ಅವರಿಗೆ ಹೆಜ್ಜೇನು, ತುಡುವೆ, ಕೋಲುಜೇನು, ಹೆಚ್ಚೆಂದರೆ ಗೋಡೆಯ ಬಿರುಕಿನಲ್ಲಿ ಕೂರುವ ಮುಜಂಟಿ. ಇಪ್ಪತ್ತು ಎಲ್ಲಿಂದ ಬಂತು? ಮೂಲ ಲೇಖನ ಇದನ್ನು ವಿವರಿಸುವುದಿಲ್ಲ, ಏಕೆಂದರೆ ಅದರ ಓದುಗರಿಗೆ ಇದು ಗೊತ್ತಿರುವ ವಿಷಯ. ಕೈಪಿಡಿ ವಿವರಿಸಲೇಬೇಕು. ಗುಂಪಾಗಿ ಬಾಳಿ ತುಪ್ಪ ಕೂಡಿಡುವ ಜೇನ್ನೊಣಗಳು ಕೆಲವೇ ಬಗೆ. ಹೆಚ್ಚಿನ ಪ್ರಭೇದಗಳು ಒಂಟಿಯಾಗಿ ಬಾಳುತ್ತವೆ. ಒಂದು ಹೆಣ್ಣು ನೊಣ ತಾನೇ ನೆಲದಲ್ಲಿ ಬಿಲ ತೋಡಿಯೋ ಒಣಮರದಲ್ಲಿ ತೂತು ಮಾಡಿಯೋ ಮೊಟ್ಟೆ ಇಡುತ್ತದೆ. ಅವುಗಳಿಗೆ ಜೇನುಗೂಡೂ ಇಲ್ಲ, ನಮಗೆ ಸಿಗುವ ತುಪ್ಪವೂ ಇಲ್ಲ. ತೊಲೆ ಕೊರೆಯುವ ದೊಡ್ಡ ಕಪ್ಪು ದುಂಬಿಯನ್ನು ಎಲ್ಲರೂ ನೋಡಿರುತ್ತಾರೆ, ಅದನ್ನೇ ಉದಾಹರಣೆಯಾಗಿ ಕೊಡಿ. ಈ ನಾಲ್ಕು ಸಾಲು ಇಲ್ಲದೆ ಮುಂದಿನ ಯಾವ ಪುಟವೂ ಅರ್ಥವಾಗದು. ಆದ್ದರಿಂದ ಪದಗಳ ಪಟ್ಟಿಯಲ್ಲಿ ಕೊನೆಗೆ ಹಾಕುವ ಬದಲು ಮುಖ್ಯ ವಾಕ್ಯದ ಪಕ್ಕದಲ್ಲೇ ಕೊಡಿ.

ಪಾರಿಭಾಷಿಕ ಪದಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ಲೇಖನದಲ್ಲಿ ಮೂವತ್ತು ಪದಗಳಿದ್ದರೂ ಕೈಪಿಡಿಯಲ್ಲಿ ಐದಾರು ಉಳಿದರೆ ಸಾಕು: ಪರಾಗಸ್ಪರ್ಶ, ಸ್ವಪರಾಗಸ್ಪರ್ಶ, ಪ್ರಭೇದ, ವೈವಿಧ್ಯ, ಕಾಯಿಕಟ್ಟುವ ಪ್ರಮಾಣ. ಉಳಿದವನ್ನು ಬಿಡಿಸಿ ಹೇಳಿ. ಒಮ್ಮೆ ಆರಿಸಿದ ಪದವನ್ನು ಕೊನೆಯವರೆಗೂ ಬದಲಿಸಬೇಡಿ. ಒಂದು ಕಡೆ 'ಪ್ರಭೇದ', ಇನ್ನೊಂದು ಕಡೆ 'ಜಾತಿ', ಮತ್ತೊಂದು ಕಡೆ 'ತಳಿ' ಎಂದು ಬರೆದರೆ ಓದುವವರು ಅವು ಮೂರು ಬೇರೆ ವಸ್ತುಗಳೆಂದು ಭಾವಿಸುತ್ತಾರೆ. ಭಾಷೆಯ ಸೊಗಸಿಗೆ ಪದ ಬದಲಿಸುವ ಅಭ್ಯಾಸವನ್ನು ಇಲ್ಲಿ ಬದಿಗಿಡಬೇಕು.

ಮೂರನೆಯ ಹೆಜ್ಜೆ: ಅಂಕಿಗಳನ್ನು ಹೂವಿನ ಲೆಕ್ಕಕ್ಕೆ ತನ್ನಿ

ಶೇ 60 ಮತ್ತು ಶೇ 90 ಎಂಬುದನ್ನು ಹಾಗೆಯೇ ಬಿಡಬೇಡಿ. 'ಒಂದು ತೋಟದಲ್ಲಿ ನೂರು ಹೂವು ಗುರುತು ಮಾಡಿದರೆ ಅರವತ್ತು ಕಾಯಿ ಕಟ್ಟಿದವು, ಇನ್ನೊಂದು ತೋಟದಲ್ಲಿ ತೊಂಬತ್ತು' ಎಂದು ಬರೆಯಿರಿ. ಹೀಗೆ ಬರೆದಾಗ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗವೂ ಬಯಲಾಗುತ್ತದೆ. ಅರವತ್ತರಿಂದ ತೊಂಬತ್ತಕ್ಕೆ ಏರಿದರೆ ಹೆಚ್ಚಳ ಶೇ 30 ಎಂದು ಕೆಲವರು ಬರೆಯುತ್ತಾರೆ, ಶೇ 50 ಎಂದು ಇನ್ನು ಕೆಲವರು. ನೂರು ಹೂವಿಗೆ ಲೆಕ್ಕ ಹಾಕಿದರೆ ಮೂವತ್ತು ಕಾಯಿ ಹೆಚ್ಚು. ಮೊದಲಿದ್ದ ಅರವತ್ತು ಕಾಯಿಗೆ ಹೋಲಿಸಿದರೆ ಅರ್ಧದಷ್ಟು ಹೆಚ್ಚು. ಎರಡೂ ಸರಿ, ಆದರೆ ಯಾವುದಕ್ಕೆ ಹೋಲಿಸಿದ್ದು ಎಂದು ಹೇಳದೆ ಬರೆದರೆ ಎರಡೂ ತಪ್ಪು. ಕೈಪಿಡಿಯಲ್ಲಿ ಇದನ್ನು ಒಂದು ಚಿಕ್ಕ ಲೆಕ್ಕವಾಗಿ ಮಾಡಿ ತೋರಿಸಿ.

ಇನ್ನೊಂದು ಲೆಕ್ಕವನ್ನು ಮಾಡಬೇಡಿ. ಮೂರರಿಂದ ಇಪ್ಪತ್ತಕ್ಕೆ ಹದಿನೇಳು ಪ್ರಭೇದ ಹೆಚ್ಚಿದೆ, ಮೂವತ್ತನ್ನು ಹದಿನೇಳರಿಂದ ಭಾಗಿಸಿದರೆ 'ಪ್ರತಿ ಹೊಸ ಪ್ರಭೇದಕ್ಕೆ ಸುಮಾರು ಎರಡು ಕಾಯಿ ಹೆಚ್ಚು' ಎಂದು ಬರುತ್ತದೆ. ಓದಲು ಅಚ್ಚುಕಟ್ಟಾಗಿರುವುದರಿಂದಲೇ ಇದು ಅಪಾಯಕಾರಿ. ಎರಡು ತುದಿಗಳ ಅಂಕಿ ಗೊತ್ತಿದ್ದ ಮಾತ್ರಕ್ಕೆ ನಡುವಿನ ಪ್ರತಿ ಮೆಟ್ಟಿಲೂ ಸಮ ಎಂದು ಹೇಳಲಾಗದು. ಎಲ್ಲ ಪ್ರಭೇದಗಳೂ ಸಮಾನ ಕೆಲಸ ಮಾಡುವುದಿಲ್ಲ ಎಂಬುದನ್ನಂತೂ ಈ ಲೇಖನವೇ ಮುಂದೆ ತೋರಿಸುತ್ತದೆ.

ಅಂಕಿಅಂಶ ಪರೀಕ್ಷೆಗಳ ವಿಷಯಕ್ಕೆ ಒಂದೇ ಸಾಲು ಸಾಕು: 'ಈ ಸಂಬಂಧ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಂಡಿರುವ ಸಾಧ್ಯತೆ ಕಡಿಮೆ ಎಂದು ಲೆಕ್ಕ ಹಾಕಿ ನೋಡಿದ್ದಾರೆ.' ಉಳಿದದ್ದು ಮೂರನೆಯ ವರ್ಷಕ್ಕೆ ಇರಲಿ.

ನಾಲ್ಕನೆಯ ಹೆಜ್ಜೆ: ಕ್ರಿಯಾಪದದ ಬಲವನ್ನು ಹೆಚ್ಚಿಸಬೇಡಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೂರುವುದು ಇಲ್ಲಿ. ಲೇಖಕರು 'ಅಂದಾಜಿಸಬಹುದಿತ್ತು', 'ಸಂಬಂಧ ಹೊಂದಿತ್ತು', 'ಸುಧಾರಿಸಬಹುದು' ಎಂದು ತೂಗಿ ಬರೆದಿರುತ್ತಾರೆ. ಸರಳ ಕನ್ನಡ ಬರೆಯುವ ಆತುರದಲ್ಲಿ ಅವೆಲ್ಲ 'ಹೆಚ್ಚಿಸುತ್ತದೆ' ಎಂದಾಗಿಬಿಡುತ್ತವೆ. ಮೂಲ ಲೇಖನದ ಪ್ರತಿಯಲ್ಲಿ ಇಂಥ ಕ್ರಿಯಾಪದಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಎಳೆಯಿರಿ. ಕೈಪಿಡಿ ಬರೆದು ಮುಗಿದ ಮೇಲೆ ಪ್ರತಿ ಅಡಿಗೆರೆಯ ಮುಂದೆ ನೀವು ಬಳಸಿದ ಕ್ರಿಯಾಪದವನ್ನು ಬರೆದು ಹೋಲಿಸಿ. ನಿಮ್ಮದು ಮೂಲಕ್ಕಿಂತ ಗಟ್ಟಿಯಾಗಿದ್ದರೆ ತಿದ್ದಿ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಕಾಯಿಕಟ್ಟುವ ಪ್ರಮಾಣದ ವ್ಯತ್ಯಾಸವನ್ನು ವಿವರಿಸಿದ್ದು ಜೇನ್ನೊಣಗಳ ವೈವಿಧ್ಯ, ಅವುಗಳ ಒಟ್ಟು ಸಂಖ್ಯೆಯಲ್ಲ ಎಂದು ಲೇಖನ ಸ್ಪಷ್ಟವಾಗಿ ಹೇಳುತ್ತದೆ. ಕೈಪಿಡಿಯ ಕರಡನ್ನು ಓದಿದ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಕೂಡಲೇ ಕೇಳಿದಳು: 'ಹಾಗಾದರೆ ಮೇಡಂ, ನಮ್ಮ ತೋಟದಲ್ಲಿ ಇನ್ನೂ ಹತ್ತು ಜೇನುಪೆಟ್ಟಿಗೆ ಇಟ್ಟರೆ ಕಾಯಿ ಜಾಸ್ತಿ ಕಟ್ಟುತ್ತದೆಯಲ್ಲವೇ?' ತೋಟದ ಮನೆಯ ಮಗುವಿಗೆ ಸಹಜವಾಗಿ ಹೊಳೆಯುವ ಪ್ರಶ್ನೆ ಇದು. ಕರಡಿನಲ್ಲಿ 'ಜೇನ್ನೊಣಗಳು ಹೆಚ್ಚಾದಂತೆ' ಎಂಬ ಮಾತು ಇದ್ದುದರಿಂದ ಅವಳ ತೀರ್ಮಾನ ತಪ್ಪೂ ಅಲ್ಲ. 'ಹೆಚ್ಚು ಜೇನ್ನೊಣ' ಮತ್ತು 'ಹೆಚ್ಚು ಬಗೆಯ ಜೇನ್ನೊಣ' ಎರಡನ್ನೂ ಆ ಮಾತು ಒಳಗೊಳ್ಳುತ್ತದೆ. ಪೆಟ್ಟಿಗೆ ಇಟ್ಟರೆ ಹೆಚ್ಚುವುದು ಒಂದೇ ಪ್ರಭೇದದ ಸಂಖ್ಯೆ.

ಈಗ ಆ ಭಾಗ ಹೀಗಿದೆ: 'ತೋಟದಲ್ಲಿ ಒಟ್ಟು ಎಷ್ಟು ಜೇನ್ನೊಣಗಳಿವೆ ಎಂಬುದರಿಂದ ಕಾಯಿಕಟ್ಟುವ ಪ್ರಮಾಣದ ವ್ಯತ್ಯಾಸ ಅರ್ಥವಾಗಲಿಲ್ಲ. ಎಷ್ಟು ಬಗೆಯ ಜೇನ್ನೊಣಗಳಿವೆ ಎಂಬುದರಿಂದ ಅರ್ಥವಾಯಿತು. ಇದು ಈ 24 ತೋಟಗಳ ಮಾತು. ಜೇನುಪೆಟ್ಟಿಗೆ ಇಡುವುದರಿಂದ ಪ್ರಯೋಜನವಿಲ್ಲ ಎಂದು ಲೇಖಕರು ಹೇಳಿಲ್ಲ, ಅದನ್ನು ಅವರು ಪರೀಕ್ಷಿಸಲೂ ಇಲ್ಲ.' ಕೊನೆಯ ವಾಕ್ಯ ಮೂಲ ಲೇಖನದಲ್ಲಿಲ್ಲ. ಆದರೆ ಓದುವವರು ಎಲ್ಲಿ ಜಾರುತ್ತಾರೆ ಎಂದು ತಿಳಿದ ಮೇಲೆ ಅಲ್ಲಿ ತಡೆಗೋಡೆ ಹಾಕುವುದು ಕೈಪಿಡಿ ಬರೆಯುವವರ ಕರ್ತವ್ಯ.

ಐದನೆಯ ಹೆಜ್ಜೆ: ಪ್ರಯೋಗವನ್ನು ಕೈಯಿಂದ ಮಾಡಿದ ಕ್ರಮದಲ್ಲಿ ಹೇಳಿ

ವಿಧಾನದ ಭಾಗವನ್ನು ಹೆಚ್ಚಿನ ನೋಟ್ಸ್‌ಗಳು ಪೂರ್ತಿ ಹಾರಿಸಿಬಿಡುತ್ತವೆ. ಹಾಗೆ ಹಾರಿಸಿದರೆ ಉಳಿಯುವುದು ಫಲಿತಾಂಶದ ಘೋಷಣೆ ಮಾತ್ರ. ಈ ಲೇಖನದಲ್ಲಿ ತೋಟಗಳ ಹೋಲಿಕೆಯ ಜೊತೆಗೆ ಇನ್ನೊಂದು ಪ್ರಯೋಗವೂ ಇದೆ, ಅದು ಏಕೆ ಬೇಕಾಯಿತು ಎಂಬುದೇ ಪಾಠದ ತಿರುಳು.

ಹೋಲಿಕೆಯಿಂದ ಒಂದು ಅನುಮಾನ ಉಳಿಯುತ್ತದೆ. ಹೆಚ್ಚು ಬಗೆಯ ಜೇನ್ನೊಣಗಳಿರುವ ತೋಟದಲ್ಲಿ ಮಣ್ಣೂ ಚೆನ್ನಾಗಿರಬಹುದು, ನೆರಳೂ ಹದವಾಗಿರಬಹುದು. ಕಾಯಿ ಹೆಚ್ಚಾದದ್ದು ಅದರಿಂದಲೂ ಇರಬಹುದಲ್ಲವೇ? ಇದನ್ನು ವಿದ್ಯಾರ್ಥಿಗಳೇ ಕೇಳುವಂತೆ ಒಂದು ಸಾಲು ಖಾಲಿ ಬಿಡಿ. ಆಮೇಲೆ ಪ್ರಯೋಗವನ್ನು ಹೇಳಿ: ಹೂವು ಅರಳುವ ಮೊದಲೇ ಯಾವ ಕೀಟವೂ ಹೋಗದಂತೆ ಕೊಂಬೆಗೆ ತೆಳುವಾದ ಬಲೆಯ ಚೀಲ ಹಾಕುತ್ತಾರೆ. ಅರಳಿದ ಮೇಲೆ ಚೀಲ ತೆಗೆದು ಕಾಯುತ್ತಾರೆ. ಒಂದು ಹೂವಿಗೆ ಒಂದು ಜೇನ್ನೊಣ ಒಮ್ಮೆ ಬಂದು ಹೋದ ಮೇಲೆ ಅದು ಯಾವ ಬಗೆಯದೆಂದು ಬರೆದುಕೊಂಡು, ಹೂವನ್ನು ಮತ್ತೆ ಮುಚ್ಚುತ್ತಾರೆ. ಕೆಲವು ವಾರಗಳ ನಂತರ ಕಾಯಿ ಕಟ್ಟಿದೆಯೇ ಎಂದು ನೋಡುತ್ತಾರೆ.

ಇದರಲ್ಲಿ ಕಂಡದ್ದು ಕುತೂಹಲಕರ. ಅಪರೂಪಕ್ಕೆ ಬರುವ ಒಂಟಿ ಜೇನ್ನೊಣಗಳ ಒಂದೊಂದು ಭೇಟಿಯಿಂದ ಆದ ಕಾಯಿ, ಗುಂಪು ಗುಂಪಾಗಿ ಬರುವ ಸಾಮಾಜಿಕ ಜೇನ್ನೊಣಗಳ ಒಂದೊಂದು ಭೇಟಿಯಿಂದ ಆದದ್ದಕ್ಕಿಂತ ಹೆಚ್ಚು. ಒಟ್ಟು ಸಂಖ್ಯೆಗಿಂತ ಬಗೆಗಳು ಮುಖ್ಯವಾದದ್ದು ಏಕಿರಬಹುದು ಎಂಬುದಕ್ಕೆ ಇಲ್ಲಿ ಒಂದು ಸುಳಿವು ಸಿಗುತ್ತದೆ. ಹೋಲಿಕೆಯಲ್ಲಿ ಕಂಡ ಸಂಬಂಧಕ್ಕೆ ಪ್ರಯೋಗ ಬೆಂಬಲ ಕೊಡುತ್ತದೆ, ಆದರೆ 24 ತೋಟಗಳ ನಡುವಿನ ಎಲ್ಲ ವ್ಯತ್ಯಾಸಕ್ಕೂ ಇದೇ ಕಾರಣ ಎಂದು ಸಾಧಿಸುವುದಿಲ್ಲ. ಈ ಎರಡು ಮಾತನ್ನೂ ಕೈಪಿಡಿಯಲ್ಲಿ ಒಟ್ಟಿಗೇ ಬರೆಯಿರಿ.

ಲೇಖನದ ಮೂರನೆಯ ಭಾಗವನ್ನು ಎರಡೇ ವಾಕ್ಯದಲ್ಲಿ ಮುಗಿಸಬಹುದು. ಕಾಡಿನಿಂದ ದೂರ ಹೋದಂತೆ ಸಾಮಾಜಿಕ ಜೇನ್ನೊಣಗಳ ಬಗೆಗಳು ಕಡಿಮೆಯಾದವು, ತೋಟದೊಳಗೆ ಬೆಳಕು ಹೆಚ್ಚಾದಂತೆ ಒಂಟಿ ಜೇನ್ನೊಣಗಳ ಬಗೆಗಳು ಹೆಚ್ಚಾದವು. ಲೇಖಕರು ಇದನ್ನು ಗೂಡಿನ ಅಗತ್ಯಕ್ಕೆ ಜೋಡಿಸುತ್ತಾರೆ. ಎರಡು ಗುಂಪಿಗೂ ಗೂಡಿಗೆ ಬೇಕಾದ ಜಾಗ ಬೇರೆ ಬೇರೆ.

ಆರನೆಯ ಹೆಜ್ಜೆ: ಎಲ್ಲಿಗೆ ನಿಲ್ಲುತ್ತದೆ ಎಂದು ಬರೆಯಿರಿ

ಸ್ಥಳೀಯ ಉದಾಹರಣೆ ಕೊಡುವುದು ಒಳ್ಳೆಯದು. ಆದರೆ ಇಂಡೊನೇಷ್ಯಾದ ಫಲಿತಾಂಶವನ್ನು ಬಾಬಾಬುಡನ್‌ಗಿರಿಯ ತಪ್ಪಲಿಗೆ ಹಾಗೆಯೇ ತಂದು ಅಂಟಿಸಬಾರದು. ಅದಕ್ಕೆಂದೇ ಕೈಪಿಡಿಯಲ್ಲಿ 'ಈ ಲೇಖನ ಹೇಳದೇ ಇರುವುದು' ಎಂಬ ಭಾಗವೊಂದನ್ನು ಇಡುತ್ತೇನೆ.

ಅಲ್ಲಿ ಮೊದಲು ಬರುವುದು ಗಿಡದ ಪ್ರಶ್ನೆ. ಅಧ್ಯಯನ ನಡೆದದ್ದು ಅರೇಬಿಕಾ ಮೇಲೆ. ಅರೇಬಿಕಾ ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಎರಡೂ ಬೆಳೆಯುವುದರಿಂದ ರೋಬಸ್ಟಾ ತೋಟದ ಮಕ್ಕಳು ಈ ಅಂಕಿಗಳನ್ನು ತಮ್ಮ ತೋಟಕ್ಕೆ ಹಚ್ಚಿಬಿಡುತ್ತಾರೆ. ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಗಿಡದಲ್ಲೂ ಜೇನ್ನೊಣಗಳಿಂದ ಇಷ್ಟು ವ್ಯತ್ಯಾಸ ಕಂಡಿತು ಎಂಬುದೇ ಲೇಖನದ ವಿಶೇಷ. ಈ ಹಿನ್ನೆಲೆ ಗೊತ್ತಿಲ್ಲದೆ ಆ ವಿಶೇಷ ಕಾಣುವುದೇ ಇಲ್ಲ.

ಎರಡನೆಯದು ಕಾಯಿ ಕಟ್ಟುವುದಕ್ಕೂ ಕೊಯ್ಲಿಗೂ ಇರುವ ದೂರ. ಕಟ್ಟಿದ ಕಾಯಿಯೆಲ್ಲ ಹಣ್ಣಾಗುವುದಿಲ್ಲ. ಮುಂಗಾರಿನ ಜಡಿಮಳೆಗೆ ಉದುರುವುದಿದೆ, ಕಾಯಿಕೊರಕ ಇದೆ. ಗಿಡಕ್ಕೆ ಹೊರೆ ಹೆಚ್ಚಾದರೆ ಬೀಜ ಸಣ್ಣದಾಗಬಹುದು. 'ಕಾಯಿಕಟ್ಟುವ ಪ್ರಮಾಣ ಶೇ 90' ಎಂಬುದನ್ನು 'ಇಳುವರಿ ಶೇ 90' ಎಂದು ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದರೆ ಕೈಪಿಡಿಯಲ್ಲಿ ಈ ಭಾಗ ಸಡಿಲವಾಗಿದೆ ಎಂದು ತಿಳಿಯಬೇಕು. ಸರಿಯಾಗಿ ನಿರ್ವಹಿಸಿದ ತೋಟಗಳ ಪಕ್ಕದ ಮಳೆಕಾಡನ್ನು ಉಳಿಸಿಕೊಂಡರೆ ರೈತರ ಇಳುವರಿ ಸುಧಾರಿಸಬಹುದು ಎಂದು ಲೇಖಕರು ಕೊನೆಗೆ ಹೇಳುತ್ತಾರೆ, ನಿಜ. ಅಲ್ಲಿಯ 'ಬಹುದು' ಎಂಬುದಕ್ಕೆ ಕೈಪಿಡಿಯಲ್ಲೂ ಅಷ್ಟೇ ತೂಕ ಇರಲಿ.

ಮೂರನೆಯದು ಹೂವು ಬಿಡುವ ಕ್ರಮ. ನಮ್ಮಲ್ಲಿ ಹೂಮಳೆ ಅಥವಾ ಸ್ಪ್ರಿಂಕ್ಲರ್ ನೀರು ಬಿದ್ದ ಮೇಲೆ ಇಡೀ ತೋಟ ಒಟ್ಟಿಗೆ ಅರಳಿ ಎರಡು-ಮೂರು ದಿನದಲ್ಲಿ ಬಾಡುತ್ತದೆ. ಅಕ್ಕಪಕ್ಕದ ತೋಟಗಳೂ ಅದೇ ದಿನ ಅರಳಿದರೆ ಜೇನ್ನೊಣಗಳು ಹಂಚಿಹೋಗಬಹುದು. ಇದನ್ನು ತರಗತಿಯ ಚರ್ಚೆಗೆ ಪ್ರಶ್ನೆಯಾಗಿ ಇಡಿ. ಉತ್ತರವನ್ನು ಈ ಲೇಖನದ ಬಾಯಿಗೆ ತುರುಕಬೇಡಿ.

ಏಳನೆಯ ಹೆಜ್ಜೆ: ಪುಟಕ್ಕೆ ಇಳಿಸಿ, ಓದಿಸಿ ನೋಡಿ

ಎ4 ಹಾಳೆಯ ಎರಡು ಬದಿಗೆ ಮುಗಿಯುವಂತೆ ಬರೆಯಿರಿ. ಮೊದಲ ಬದಿಯಲ್ಲಿ ಪ್ರಶ್ನೆ, ಬಿಡಿಸಿದ ಮುಖ್ಯ ವಾಕ್ಯ, ನೂರು ಹೂವಿನ ಲೆಕ್ಕ ಮತ್ತು ಒಂದು ನಕ್ಷೆ ಇರಲಿ. ಮೂಲ ನಕ್ಷೆಯನ್ನು ಜೆರಾಕ್ಸ್ ಮಾಡಿ ಅಂಟಿಸುವುದಕ್ಕಿಂತ ಅಕ್ಷಗಳನ್ನಷ್ಟೇ ಎಳೆದು ಕನ್ನಡದಲ್ಲಿ ಹೆಸರು ಬರೆದು, ಎರಡು ತುದಿಗಳನ್ನು ವಿದ್ಯಾರ್ಥಿಗಳೇ ಗುರುತಿಸುವಂತೆ ಬಿಡುವುದು ಉತ್ತಮ. ಮೂರು ಪ್ರಭೇದದ ನೇರಕ್ಕೆ ಅರವತ್ತು, ಇಪ್ಪತ್ತರ ನೇರಕ್ಕೆ ತೊಂಬತ್ತು ಎಂದು ತಮ್ಮ ಕೈಯಿಂದ ಚುಕ್ಕೆ ಇಟ್ಟವರು ಅಕ್ಷಗಳನ್ನು ಅದಲುಬದಲು ಮಾಡುವುದಿಲ್ಲ. ಎರಡನೆಯ ಬದಿಯಲ್ಲಿ ಬಲೆಯ ಪ್ರಯೋಗ, 'ಹೇಳದೇ ಇರುವುದು' ಮತ್ತು ನಾಲ್ಕು ಪ್ರಶ್ನೆಗಳು.

ಪ್ರಶ್ನೆಗಳು ನೆನಪನ್ನು ಪರೀಕ್ಷಿಸುವಂತಿರಬಾರದು. 'ಎಷ್ಟು ತೋಟಗಳು?' ಎಂದು ಕೇಳಿದರೆ ಏನೂ ತಿಳಿಯದು. ನಾನು ಇಡುವ ಪ್ರಶ್ನೆಗಳು ಇಂಥವು: ಒಂದು ತೋಟದಲ್ಲಿ ತುಡುವೆ ಜೇನು ಮಾತ್ರ ಸಾವಿರಾರು ಇದೆ, ಇನ್ನೊಂದರಲ್ಲಿ ಹದಿನೈದು ಬಗೆಯ ಜೇನ್ನೊಣಗಳು ಕೆಲವೇ ಕೆಲವು ಇವೆ, ಈ ಲೇಖನದ ಆಧಾರದಲ್ಲಿ ಎಲ್ಲಿ ಹೆಚ್ಚು ಕಾಯಿ ನಿರೀಕ್ಷಿಸುತ್ತೀರಿ, ನಿಮ್ಮ ಉತ್ತರ ತಪ್ಪಾಗಲು ಏನು ಕಾರಣ ಇರಬಹುದು? ಬಲೆಯ ಚೀಲ ಹಾಕದೆ ಪ್ರಯೋಗ ಮಾಡಿದ್ದರೆ ಯಾವ ಅನುಮಾನ ಉಳಿಯುತ್ತಿತ್ತು? ರೋಬಸ್ಟಾದಲ್ಲಿ ಇದೇ ಅಧ್ಯಯನ ಮಾಡಿದರೆ ಏನು ಬದಲಾಗಬಹುದು, ಏಕೆ?

ಹಂಚುವ ಮೊದಲು ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ಕೊಡಿ. ಒಬ್ಬರು ಪಿಯುಸಿಯನ್ನು ಕನ್ನಡದಲ್ಲಿ ಓದಿದವರಾಗಿರಲಿ, ಇನ್ನೊಬ್ಬರು ಕಾಫಿ ತೋಟ ಕಾಣದ ಕಡೂರು ಅಥವಾ ಅರಸೀಕೆರೆ ಕಡೆಯವರಾಗಿರಲಿ. ಓದಿದ ಮೇಲೆ ಹಾಳೆಯನ್ನು ತೆಗೆದುಕೊಂಡು, ಲೇಖನ ಏನು ಹೇಳಿತು ಎಂದು ಅವರ ಮಾತಿನಲ್ಲಿ ಹೇಳಿಸಿ. ಅವರು ತಡವರಿಸಿದ ಜಾಗ ಸುಲಭವಾಗಿ ಸಿಗುತ್ತದೆ. ಹುಡುಕಬೇಕಾದದ್ದು ಸರಾಗವಾಗಿ, ಆತ್ಮವಿಶ್ವಾಸದಿಂದ ತಪ್ಪು ಹೇಳಿದ ಜಾಗವನ್ನು. 'ಜೇನು ಹೆಚ್ಚಾದರೆ ಇಳುವರಿ ಹೆಚ್ಚು' ಎಂದು ತಟ್ಟನೆ ಬಂದರೆ ಆ ಒಂದು ವಾಕ್ಯದಲ್ಲೇ ಮೂರು ಜಾರುವಿಕೆ ಇದೆ: ಬಗೆಯ ಬದಲು ಸಂಖ್ಯೆ, ಕಾಯಿಯ ಬದಲು ಇಳುವರಿ, ಸಂಬಂಧದ ಬದಲು ಕಾರಣ. ನಾಲ್ಕು ಮತ್ತು ಆರನೆಯ ಹೆಜ್ಜೆಯಲ್ಲಿ ಬರೆದ ಭಾಗಗಳಿಗೆ ಹಿಂದಿರುಗಿ, ಅವರು ಓದಿದ ಯಾವ ಸಾಲಿನಿಂದ ಆ ಅರ್ಥ ಹೊರಟಿತು ಎಂದು ಅವರಿಂದಲೇ ಬೆರಳಿಟ್ಟು ತೋರಿಸಿಕೊಳ್ಳಿ, ಆ ಸಾಲನ್ನು ಅವರ ಮುಂದೆಯೇ ತಿದ್ದಿ.

ಹಾಳೆಯ ಅಡಿಯಲ್ಲಿ ಮೂಲ ಲೇಖಕರ ಹೆಸರು, ವರ್ಷ ಮತ್ತು ನಿಯತಕಾಲಿಕದ ಹೆಸರನ್ನು ತಪ್ಪದೆ ಬರೆಯಿರಿ. ಮೂಲದ ಸಾರಾಂಶದ ಒಂದು ಪ್ರತಿಯನ್ನೂ ಜೊತೆಗೆ ಕೊಡಿ. ಕೈಪಿಡಿ ಓದಿ ಮುಗಿಸಿದವರು ಅದೇ ವಾರ ಆ ಸಾರಾಂಶವನ್ನು ಇಂಗ್ಲಿಷಿನಲ್ಲಿ ಓದಿ, ಎರಡನೆಯ ಹೆಜ್ಜೆಯಲ್ಲಿ ಬಿಡಿಸಿದ ವಾಕ್ಯ ಅಲ್ಲಿ ಎಲ್ಲಿದೆ ಎಂದು ಅಡಿಗೆರೆ ಹಾಕಿ ತರಬೇಕು. ನನ್ನ ತರಗತಿಯಲ್ಲಿ ಅಂಕ ಇರುವುದು ಆ ಅಡಿಗೆರೆಗೆ.